ಏನೂ ಹೇಳದೆ ಕೈ ಬಿಡಿಸಿಕೊಂಡೆ, ಅವರಿಗೆ ಬೇಜಾರಾಯಿತು

ದಾವಣಗೆರೆ ಮಗಳು, ಈಗ ಮ್ಯೂನಿಕ್
ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮನೆಯವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ದಾರಿಯಲ್ಲಿ ಹೆಗಲ ಮೇಲೆ ಕೈ ಹಾಕುತ್ತಾರೆ, ಸ್ಟೇಷನ್ನಿನಲ್ಲಿ ಕೆನ್ನೆಗೆ ಮುತ್ತು ಕೊಡುತ್ತಾರೆ. ನನಗೆ ಮೈಯೆಲ್ಲ ಬಿಗಿಯಾಗುತ್ತದೆ. ಮೊನ್ನೆ ಸುಮ್ನೆ ಕೈ ಬಿಡಿಸಿಕೊಂಡೆ. ಮನೆ ಸೇರುವ ತನಕ ಅವರು ಮಾತಾಡಲಿಲ್ಲ. ‘ಅಪ್ಪನ ಮೇಲೆ ಸಿಟ್ಟಾ ಅಮ್ಮ?’ ಅಂತ ಮಗಳು ಕೇಳಿದಳು. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೇವೆ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರೆಲ್ಲ ನಮ್ಮಪ್ಪನ ಗುರುತಿನವರು. ಏನು ಮಾಡಲಿ?

ಚಿತ್ರದುರ್ಗದವರು, ಹ್ಯೂಸ್ಟನ್, 22 ವರ್ಷ
ನೋಡಮ್ಮ, ಗಂಡ ಹೆಂಡತಿ ಪ್ರೀತಿ ಮನೆಯೊಳಗೆ ಇರಬೇಕು. ನಾನು ಮದುವೆಯಾದ ಹೊಸದರಲ್ಲಿ ಕೋಟೆ ನೋಡಲು ಹೋದಾಗ ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದವನು. ನಮ್ಮ ಸಂಸಾರಕ್ಕೆ ಏನಾಯಿತು? ಮಕ್ಕಳ ಮುಂದೆ ಇದೆಲ್ಲ ಬೇಡ.

ಹೊಳಲ್ಕೆರೆಯವನು, ಲಂಡನ್
ತಂಗಿ, ನಮ್ಮಲ್ಲಿ ಸಂಕೋಚ ನನಗೆ, ಇಷ್ಟ ನನ್ನ ಹೆಂಡತಿಗೆ. ದಾರಿಯಲ್ಲೇ ತೀರ್ಮಾನ ಮಾಡಲು ಹೋಗಿ ಬಹಳ ಜಗಳವಾಡಿದ್ದೇವೆ. ಆಮೇಲೆ ಒಂದು ಭಾನುವಾರ ಮನೆಯಲ್ಲೇ ಕೂತು ಮಾತಾಡಿದೆವು. ‘ಹೊರಗೆ ಬೇಡ’ ಅಂತ ಎಲ್ಲವನ್ನೂ ಸೇರಿಸಿ ಹೇಳಬಾರದು. ಕೈ ಹಿಡಿಯುವುದು ಬೇರೆ, ಹೆಗಲ ಮೇಲೆ ಕೈ ಬೇರೆ, ಮುತ್ತು ಬೇರೆ. ಲಂಡನ್ನಿನಲ್ಲಿ ಕೈ ಹಿಡಿಯಲು ನನಗೆ ತೊಂದರೆ ಇರಲಿಲ್ಲ, ಮುತ್ತಿಗೆ ಮಾತ್ರ ಮುಜುಗರ. ಅದು ಅವಳಿಗೆ ಅವತ್ತೇ ಗೊತ್ತಾಗಿದ್ದು. ಊರಲ್ಲಿ ಪಕ್ಕಪಕ್ಕ ನಡೆಯುವುದು ಅಷ್ಟೇ ಅಂತ ಒಪ್ಪಿದೆವು.

ಸಾಕು ಅನ್ನಿಸಿದರೆ ಕೈಯನ್ನು ಎರಡು ಸಲ ಒತ್ತಿ ಬಿಡುತ್ತೇನೆ. ಅದು ಸಿಟ್ಟಲ್ಲ ಅಂತ ಅವಳಿಗೆ ಗೊತ್ತು. ಮಾತಿಲ್ಲದೆ ಕಿತ್ತುಕೊಂಡರೆ ಎದುರಿನವರಿಗೆ ‘ನಾನೇ ಬೇಡವಾದೆ’ ಅನ್ನಿಸುತ್ತದೆ. ಸ್ಟೇಷನ್ ಮುತ್ತಿನ ಬದಲು ಮನೆ ಬಾಗಿಲಲ್ಲಿ ಅಪ್ಪಿಕೊಂಡು ಹೊರಡುತ್ತೇನೆ. ಇದು ಮುಖ್ಯ. ಹೊರಗೆ ಕಡಿಮೆ ಮಾಡಿ ಮನೆಯಲ್ಲೂ ದೂರ ಕೂತರೆ ಒಬ್ಬರೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಒಪ್ಪಿದ ಮೇಲೂ ನಿನ್ನ ಕೈ ಮರಳಿ ಹಿಡಿಯದೆ ಸತ್ತಂತೆ ಬಿದ್ದಿದ್ದರೆ, ಆ ಒಪ್ಪಂದ ನಿನಗೆ ಜಾಸ್ತಿಯಾಯಿತು ಅಂತ ಅರ್ಥ. ಮತ್ತೆ ಕೂತು ಮಾತಾಡಿ.

ಚಿತ್ರದುರ್ಗದವರು, ಹ್ಯೂಸ್ಟನ್
ಕೈ ಒತ್ತುವುದು, ಒಪ್ಪಂದ, ಇದೆಲ್ಲ ಆಫೀಸಿನ ಲೆಕ್ಕ. ಸಂಸ್ಕಾರ ಇದ್ದರೆ ಇದ್ಯಾವುದೂ ಬೇಕಿಲ್ಲ. ಇಲ್ಲಿ ಮಕ್ಕಳು ಹಾಳಾಗುವುದೇ ಹೀಗೆ.

ಇನ್ನೊಬ್ಬರು
ಸರಿಯಾಗಿ ಹೇಳಿದಿರಿ ಸರ್. ಮಕ್ಕಳಿಗೆ ಕನ್ನಡ ಶಾಲೆಯನ್ನೂ ತಪ್ಪಿಸಬೇಡಿ.

ಹರಿಹರದ ಅಮ್ಮ, ಸಿಡ್ನಿಯಲ್ಲಿ ಮಗನ ಮನೆ
ನಮ್ಮ ಯಜಮಾನರೂ ನಾಲ್ಕು ಹೆಜ್ಜೆ ಮುಂದೇ ನಡೆದರು ಕಣಪ್ಪಾ. ಕೊನೆಗೆ ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕೂತಿದ್ದೆ. ನರ್ಸ್ ಬಂದಾಗ ನಾಚಿಕೆಯಾಗಿ ಬಿಟ್ಟುಬಿಟ್ಟೆ. ಅದು ಇವತ್ತಿಗೂ ಸಂಕಟ. ಹಾಗಂತ ಮನಸ್ಸಿಲ್ಲದೆ ಸಹಿಸಿಕೋ ಅಂತ ನಾನು ಹೇಳುವುದಿಲ್ಲ ಮಗಳೇ. ನಿನ್ನ ಗಂಡನಿಗೆ ಬಾಯಿಬಿಟ್ಟು ಹೇಳು.

ದಾವಣಗೆರೆ ಮಗಳು
ಹೊಳಲ್ಕೆರೆ ಅಣ್ಣ, ರಾತ್ರಿ ಮಗಳು ಮಲಗಿದ ಮೇಲೆ ಕೂತೆವು. ಇಲ್ಲಿ ಕೈ ಹಿಡಿಯಬಹುದು, ಮುತ್ತು ಮನೆ ಬಾಗಿಲಲ್ಲೇ. ‘ನಿನಗೆ ನನ್ನ ಜೊತೆ ನಾಚಿಕೆ ಅಂದ್ಕೊಂಡಿದ್ದೆ’ ಅಂದರು. ಕೆರೆ ಏರಿ ವಿಷಯ ಇನ್ನೂ ಮುಗಿದಿಲ್ಲ. ಅಪ್ಪ ಬರದ ದಿನ ಹೋಗೋಣ ಅನ್ನುತ್ತಿದ್ದಾರೆ.