ಬೆಳಗ್ಗೆ ರೇಂಜ್, ಮಧ್ಯಾಹ್ನ ಮೋಸ, ರಾತ್ರಿ ಓಟ: ಬಿಟ್‌ಕಾಯಿನ್ ಸೆಷನ್‌ಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಬಿಟ್‌ಕಾಯಿನ್ 15 ನಿಮಿಷದ ಚಾರ್ಟ್ ನೋಡ್ತೀನಿ. ಬೆಳಗ್ಗೆ ಏಷ್ಯಾ ಸೆಷನ್‌ನ ಹೈ-ಲೋ ಗುರುತು ಹಾಕಿಕೊಂಡು, ಅದು ಒಡೆದ ಕಡೆ ಎಂಟ್ರಿ ತಗೋತೀನಿ. ಮಧ್ಯಾಹ್ನ ಒಡೆದದ್ದು ಅರ್ಧ ಗಂಟೆಯಲ್ಲಿ ಒಳಗೆ ಬರುತ್ತೆ, ಸ್ಟಾಪ್ ಹೋಗುತ್ತೆ. ಸಂಜೆ ಒಡೆದದ್ದು ಕೆಲವು ಸಲ ನಿಲ್ಲುತ್ತೆ, ಕೆಲವು ಸಲ ಇಲ್ಲ. ವಾಲ್ಯೂಮ್ ಜಾಸ್ತಿ ಇದ್ದಾಗ ಮಾತ್ರ ಎಂಟ್ರಿ ತಗೊಂಡರೂ ಹೀಗೇ ಆಗ್ತಿದೆ. ನವೆಂಬರ್ ಬಂದಮೇಲಂತೂ ಪೂರ್ತಿ ಹಳಿ ತಪ್ಪಿದೆ. ಎಲ್ಲಿ ಎಡವುತ್ತಿದ್ದೀನಿ?

ಉತ್ತರ 1: ಸಿಂಪಲ್ ಸರ್. ಲಂಡನ್ ತೆರೆದಾಗ ಏಷ್ಯಾದ ಒಂದು ತುದಿ ಮುಟ್ಟಿ ಸ್ಟಾಪ್ ತಿಂತಾರೆ, ಅಮೆರಿಕ ಬಂದಮೇಲೆ ಉಲ್ಟಾ ಕಡೆ ಓಡುತ್ತೆ. ದಿನಾ ಇದೇ ಆಟ. ಮಧ್ಯಾಹ್ನ ಒಡೆದ ಕಡೆಗೆ ಎದುರಾಗಿ ಹಾಕಿ, ಕೆಲಸ ಮುಗೀತು.

ಉತ್ತರ 2: ‘ದಿನಾ’ ಅನ್ನೋದೊಂದನ್ನು ಬಿಟ್ಟರೆ ಮೇಲಿನವರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಪ್ರಶ್ನೆ ಕೇಳಿದವರ ತೊಂದರೆ ಬೇರೆ ಎರಡು ಕಡೆ ಇದೆ.

ಮೊದಲು ಗಡಿಯಾರ. ನಮ್ಮ ಗಡಿಯಾರ ವರ್ಷವಿಡೀ ಒಂದೇ. ಲಂಡನ್, ನ್ಯೂಯಾರ್ಕ್ ಹಾಗಲ್ಲ. ಬೇಸಿಗೆಯಲ್ಲಿ ಲಂಡನ್ ನಮ್ಮ 12:30ಕ್ಕೆ, ನ್ಯೂಯಾರ್ಕ್ ಷೇರುಪೇಟೆ ಸಂಜೆ 7ಕ್ಕೆ ತೆರೆಯುತ್ತೆ. ಚಳಿಗಾಲದಲ್ಲಿ ಅವು 1:30 ಮತ್ತು ರಾತ್ರಿ 8. ಯುರೋಪ್ ಅಕ್ಟೋಬರ್ ಕೊನೇ ಭಾನುವಾರ ಬದಲಾದರೆ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಭಾರತದ ಸಮಯದಲ್ಲಿ ಡಬ್ಬ ಹಾಕಿಟ್ಟಿದ್ದರೆ ನವೆಂಬರ್‌ನಲ್ಲಿ ನಿಮ್ಮ ‘ಅಮೆರಿಕ ಸೆಷನ್’ ಒಂದು ಗಂಟೆ ಮೊದಲೇ ಶುರುವಾಗಿರುತ್ತೆ. ಅಂದರೆ ಬಾಗಿಲು ತೆರೆಯುವ ಮುಂಚಿನ ಗದ್ದಲವನ್ನೇ ಓಪನ್ ಅಂದುಕೊಂಡಿದ್ದೀರಿ. ಅಮೆರಿಕದ ಹಣದುಬ್ಬರದ ಅಂಕಿ ಬರೋದು ಅಲ್ಲಿನ ಬೆಳಗ್ಗೆ 8:30ಕ್ಕೆ. ಚಳಿಗಾಲದಲ್ಲಿ ಅದು ಸರಿಯಾಗಿ ನಮ್ಮ 7 ಗಂಟೆ, ನಿಮ್ಮ ಹಳೆಯ ಓಪನ್ ಗೆರೆಯ ಮೇಲೇ. ಸೆಷನ್ನನ್ನು ಆ ಊರಿನ ಸಮಯದಲ್ಲೇ ಹಾಕಿ, ಟ್ರೇಡಿಂಗ್‌ವ್ಯೂ ಚಾರ್ಟ್ ತಾನೇ ಸರಿಮಾಡಿಕೊಳ್ಳುತ್ತೆ:

```
//@version=5
indicator("US", overlay=true)
us = time(timeframe.period, "0930-1600:23456", "America/New_York")
bgcolor(na(us) ? na : color.new(color.blue, 90))
```

ಲಂಡನ್‌ಗೆ `"Europe/London"`, ಜಪಾನ್‌ಗೆ `"Asia/Tokyo"`. ಜಪಾನ್ ಗಡಿಯಾರ ಬದಲಾಗಲ್ಲ. ಟೋಕಿಯೊ 9 ಗಂಟೆ ಅಂದರೆ ನಮ್ಮ 5:30, ದಿನದ ಕ್ಯಾಂಡಲ್ ಮುಗಿಯೋದೂ ಆಗಲೇ.

ಇನ್ನು ವಾಲ್ಯೂಮ್. ನೀವು ‘ಜಾಸ್ತಿ’ ಅಂತ ಅಳೆಯೋದು ಚಾರ್ಟ್ ಕೆಳಗಿನ 20 ಕ್ಯಾಂಡಲ್ ಸರಾಸರಿ ಗೆರೆಯಿಂದ ತಾನೆ? 15 ನಿಮಿಷದ 20 ಕ್ಯಾಂಡಲ್ ಅಂದರೆ ಹಿಂದಿನ 5 ಗಂಟೆ. ರಾತ್ರಿ 8ಕ್ಕೆ ನೀವು ಹೋಲಿಸ್ತಿರೋದು ಮಧ್ಯಾಹ್ನ 3ರಿಂದ ಈಚಿನ ಸಪ್ಪೆ ಹೊತ್ತಿಗೆ. ಹಾಗಾಗಿ ನ್ಯೂಯಾರ್ಕ್ ಓಪನ್ ದಿನಾ ‘ಜಾಸ್ತಿ’ಯಾಗೇ ಕಾಣುತ್ತೆ. ಬೆಳಗ್ಗೆ ಇದರ ತಿರುಗುಮುರುಗು: ಹಿಂದಿನ 5 ಗಂಟೆಯಲ್ಲಿ ಅಮೆರಿಕದ ಕೊನೇ ಪಾಲು ಸೇರಿರುತ್ತೆ, ಏಷ್ಯಾದ ನಿಜವಾದ ಚಲನೆಯೂ ಮಂಕಾಗಿ ಕಾಣುತ್ತೆ.

ರಾತ್ರಿ 8:15ರ ಕ್ಯಾಂಡಲನ್ನು ಹಿಂದಿನ 20 ದಿನಗಳ 8:15ರ ಕ್ಯಾಂಡಲ್‌ಗಳ ಜೊತೆಗೇ ತೂಗಬೇಕು. ಶನಿವಾರ, ಭಾನುವಾರ ಸೇರಿಸಬೇಡಿ. ಸ್ಪ್ರೆಡ್‌ಶೀಟ್‌ನಲ್ಲಿ 20 ದಿನಕ್ಕೆ 1920 ಸಾಲು ಬರುತ್ತೆ. F ಕಾಲಂನಲ್ಲಿ ವಾಲ್ಯೂಮ್, G ಕಾಲಂನಲ್ಲಿ ಗಂಟೆ-ನಿಮಿಷ ಮಾತ್ರ ಇಟ್ಟರೆ:

```
=MEDIAN(FILTER(F$2:F$1921, G$2:G$1921=G2))
```

ಸರಾಸರಿ ಬೇಡ, ಮೀಡಿಯನ್ನೇ ಇರಲಿ. ಹಣದುಬ್ಬರದ ಅಂಕಿ ಬಂದ ಒಂದೇ ದಿನ ಸಾಕು, ಸರಾಸರಿ ಎಲ್ಲೋ ಹೋಗಿ ಕೂರುತ್ತೆ. ಗಡಿಯಾರ ಬದಲಾದಮೇಲಿನ ನಾಲ್ಕು ವಾರ G ಕಾಲಂ ನ್ಯೂಯಾರ್ಕ್ ಸಮಯದಲ್ಲಿರಬೇಕು, ಇಲ್ಲವಾದರೆ ಹೋಲಿಕೆ ಮತ್ತೆ ತಪ್ಪುತ್ತೆ.

ಕೇಳಿದವರು: ಹೌದು ಸರ್, 20ರ ಗೆರೆಯೇ ಇಟ್ಟಿದ್ದೆ! ಒಂದು ದಿನದ ಉದಾಹರಣೆ ಕೊಡ್ತೀರಾ?

ಉತ್ತರ 2: ಲೆಕ್ಕಕ್ಕೆ ಹಿಡಿದ ಅಂಕಿಗಳು, ಚಳಿಗಾಲದ ಸಮಯ. ಬೆಳಗ್ಗೆ 5:30ರಿಂದ 1:30ರ ತನಕ ಹೈ 1,00,600 ಡಾಲರ್, ಲೋ 99,800. ಮಧ್ಯಾಹ್ನ 1:45ರ ಕ್ಯಾಂಡಲ್ 1,00,750 ಮುಟ್ಟಿ 1,00,560ಕ್ಕೆ ಮುಗೀತು. ವಾಲ್ಯೂಮ್ 1,300, ಅದೇ ಹೊತ್ತಿನ ಮೀಡಿಯನ್ 1,200. ಅಂದರೆ ವಿಶೇಷವೇನಿಲ್ಲ. ಇನ್ನೂ ಒಂದು ಗುರುತು: ಫ್ಯೂಚರ್ಸ್‌ನಲ್ಲಿ ಓಪನ್ ಇಂಟರೆಸ್ಟ್ ಏರಿದೆ, ಸ್ಪಾಟ್‌ನಲ್ಲಿ ಕೊಳ್ಳುವವರಿಲ್ಲ. ಸಾಲದ ಹಣ ಮಾತ್ರ ಮೇಲಕ್ಕೆ ತಳ್ಳಿದೆ, ಹಾಗೆ ಬಂದವರ ಸ್ಟಾಪ್‌ಗಳೆಲ್ಲ ರೇಂಜ್ ಒಳಗೇ ಕೂತಿವೆ. ಸ್ವಲ್ಪ ಕೆಳಗಿಳಿದರೆ ಒಬ್ಬರ ಸ್ಟಾಪ್ ಇನ್ನೊಬ್ಬರದ್ದನ್ನು ಎಳೆದುಕೊಂಡು ಬೀಳುತ್ತೆ. ನಿಮ್ಮ ಅರ್ಧ ಗಂಟೆಯ ಮೋಸ ಇದೇ.

ಇದರ ಮೇಲೆ, 1:30 ಅಂದರೆ ಡೆರಿಬಿಟ್‌ನಲ್ಲಿ ಆಪ್ಷನ್ ಎಕ್ಸ್‌ಪೈರಿಯ ಹೊತ್ತು, ಬಹಳ ಕಡೆ ಫಂಡಿಂಗ್ ಕಟ್ ಆಗೋದೂ ಆಗಲೇ. ಆ ಕಾಲು ಗಂಟೆಯ ಏರಿಳಿತವನ್ನು ‘ಲಂಡನ್ ಬಂತು’ ಅಂತ ಓದಬೇಡಿ.

ರಾತ್ರಿ 8:15ರ ಕ್ಯಾಂಡಲ್ 1,00,900ಕ್ಕೆ ಮುಗೀತು ಅಂದುಕೊಳ್ಳಿ. ವಾಲ್ಯೂಮ್ 5,000, ಆ ಹೊತ್ತಿನ ಮೀಡಿಯನ್ 2,600. ಸುಮಾರು 1.9 ಪಟ್ಟು, ಸ್ಪಾಟೂ ಜೊತೆಗಿದೆ. ಆಗಲೂ ಓಡಿಹೋಗಿ ಕೊಳ್ಳಲ್ಲ. ಮುಂದಿನ ಕ್ಯಾಂಡಲ್ 1,00,600ರ ಮೇಲೇ ನಿಂತರೆ ಎಂಟ್ರಿ, 1,00,300ರ ಕೆಳಗೆ ಸ್ಟಾಪ್. 2024ರ ಜನವರಿಯಲ್ಲಿ ಅಮೆರಿಕದ ಸ್ಪಾಟ್ ಇಟಿಎಫ್‌ಗಳು ಶುರುವಾದಮೇಲೆ ಷೇರುಪೇಟೆ ತೆರೆದಿರುವ ಗಂಟೆಗಳಿಗೆ ತೂಕ ಇನ್ನೂ ಹೆಚ್ಚಿದೆ. ವಾರಾಂತ್ಯದಲ್ಲಿ ಆ ಹಣ ಇರಲ್ಲ, ಅದಕ್ಕೇ ಶನಿವಾರ ರಾತ್ರಿ 8 ಗಂಟೆಗೆ ಈ ಲೆಕ್ಕ ಹಿಡಿಯೋದು ವ್ಯರ್ಥ.

ಉತ್ತರ 3: ನಮ್ಮ ಎಕ್ಸ್‌ಚೇಂಜ್‌ನಲ್ಲಿ ರೂಪಾಯಿ ಜೋಡಿಯಲ್ಲಿ ಮಾಡಿದರೆ? ನಾನು ಬೆಳಗ್ಗೆ ಕೊಂಡು ರಾತ್ರಿ ಮಾರ್ತೀನಿ, 0.8% ಸಿಕ್ಕರೂ 1% ಟಿಡಿಎಸ್‌ಗೇ ಹೋಗುತ್ತೆ. ಯಾವ ಸೆಷನ್‌ನಲ್ಲಿ ಮಾರಿದರೆ ಟಿಡಿಎಸ್ ಕಮ್ಮಿ?

ಉತ್ತರ 2: ಟಿಡಿಎಸ್‌ಗೆ ಸೆಷನ್ ಇಲ್ಲ ಸರ್. 2022ರ ಜುಲೈ 1ರಿಂದ ಮಾರಿದ ಮೊತ್ತದ ಮೇಲೆ 1%, ಹೊತ್ತು ಯಾವುದಾದರೇನು. ಅದು ಕಳೆದುಹೋದ ಹಣವೂ ಅಲ್ಲ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿವರೆಗೆ ಬಂಡವಾಳ ಕಟ್ಟಿಹಾಕಿದಂತೆ: ಪೂರ್ತಿ ಹಣದಲ್ಲಿ 20 ಸಲ ಕೊಂಡು ಮಾರಿದರೆ ಸುಮಾರು 18% ಸಿಕ್ಕಿಬಿದ್ದಿರುತ್ತೆ. ಲಾಭಕ್ಕೆ 30% ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗೂ ಇಲ್ಲ. 0.8% ರೇಂಜ್‌ನ ಆಟ ಸ್ಪಾಟ್‌ನಲ್ಲಿ ಆಡುವಂಥದ್ದಲ್ಲ.

ಉತ್ತರ 1: ಏನೇ ಹೇಳಿ, ಏಷ್ಯಾ ಬರೀ ರೇಂಜ್ ಕಟ್ಟೋದು, ದಿಕ್ಕು ಕೊಡೋದು ಅಮೆರಿಕವೇ.

ಉತ್ತರ 2: 2024ರ ಆಗಸ್ಟ್ 5ರ ಚಾರ್ಟ್ ತೆಗೆದು ನೋಡಿ. ಜುಲೈ 31ಕ್ಕೆ ಜಪಾನ್ ಕೇಂದ್ರ ಬ್ಯಾಂಕ್ ಬಡ್ಡಿಯನ್ನು 0.25%ಗೆ ಏರಿಸಿತ್ತು, ಅಗ್ಗದ ಯೆನ್ ಸಾಲ ತಂದು ಬೇರೆಡೆ ಹೂಡಿದ್ದವರು ಗಾಬರಿಯಿಂದ ಬಿಚ್ಚಿಕೊಂಡರು. ಆ ಸೋಮವಾರ ನಿಕೇಯಿ 12.4% ಬಿತ್ತು, ಬಿಟ್‌ಕಾಯಿನ್ ಏಷ್ಯಾ ಹೊತ್ತಲ್ಲೇ 50,000 ಡಾಲರ್ ಕೆಳಗಿಳಿಯಿತು. ಅಮೆರಿಕ ಬಂದಮೇಲೆ ಆದದ್ದು ಚೇತರಿಕೆ. ಮೂಲ ಸುದ್ದಿ ಟೋಕಿಯೊದ್ದಾದರೆ ದಿಕ್ಕೂ ಅಲ್ಲಿಂದಲೇ.

ಉತ್ತರ 1: ಅದೇ ನೋಡಿ, ಅಮೆರಿಕ ಉಲ್ಟಾ ಮಾಡ್ತು!

ಉತ್ತರ 2: ನಿಮ್ಮ ನಿಯಮದಲ್ಲಿ ಮಧ್ಯಾಹ್ನದ ಲಂಡನ್ ಮೋಸ ಇತ್ತಲ್ಲ ಸರ್, ಅದೆಲ್ಲಿ ಹೋಯ್ತು ಆವತ್ತು?

ಕೇಳಿದವರು: 20 ದಿನದ ಮೀಡಿಯನ್ ಹಾಕಿ ಹಳೇ ಟ್ರೇಡ್‌ಗಳನ್ನು ನೋಡಿದೆ. ಮಧ್ಯಾಹ್ನ ತಗೊಂಡ 11ರಲ್ಲಿ 1.5 ಪಟ್ಟು ದಾಟಿದ್ದು ಎರಡೇ. ಅವೆರಡೂ ನಿಂತಿವೆ. ಆದರೆ 1.5 ಸಾಕಾ, 2 ಬೇಕಾ?

ಉತ್ತರ 2: ಎರಡು ಟ್ರೇಡ್‌ನಿಂದ ಹೇಳೋಕೆ ಬರಲ್ಲ. ಮಧ್ಯಾಹ್ನಕ್ಕೂ ರಾತ್ರಿಗೂ ಒಂದೇ ಅಂಕಿ ಹೊಂದಬೇಕು ಅಂತಲೂ ಇಲ್ಲ. ಮಧ್ಯಾಹ್ನದ ನೂರು ಬ್ರೇಕ್‌ಔಟ್ ಹಿಂದಕ್ಕೆ ಹೋಗಿ ಎಣಿಸಿ, ರಾತ್ರಿಯವನ್ನು ಬೇರೆ ಹಾಳೆಯಲ್ಲಿ ಇಡಿ, ಆಮೇಲೆ ಇಲ್ಲೇ ಹಾಕಿ.