ಸೀಲಿಂಗಿಗೂ 62.5, ಫ್ಲೋರಿಗೂ 62.5. ನನ್ನ ಶೀಟ್ ಎಲ್ಲಿ ಕೆಟ್ಟಿದೆ?

ಟ್ಯೂಷನ್_ಹಾಸನ:
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಪಿಯುಸಿ ಮಕ್ಕಳಿಗೆ ಅಂತ ಕ್ಯಾಲ್ಕ್‌ನಲ್ಲಿ ಒಂದು ಶೀಟ್ ಮಾಡಿದ್ದೇನೆ. ರಾಗಿ ಮಾರುಕಟ್ಟೆ, ಕಾಲ್ಪನಿಕ ಲೆಕ್ಕ. ಸಮತೋಲನ ಬೆಲೆ ಕೆಜಿಗೆ 25 ರೂಪಾಯಿ. ಇದಕ್ಕಿಂತ ಹೆಚ್ಚಿಗೆ ಮಾರಬಾರದು ಅಂತ ಸೀಲಿಂಗ್ 20 ಇಟ್ಟರೆ ಕೊರತೆ 25 ಕ್ವಿಂಟಾಲ್, ಇದಕ್ಕಿಂತ ಕಡಿಮೆಗೆ ಮಾರಬಾರದು ಅಂತ ಫ್ಲೋರ್ 30 ಇಟ್ಟರೆ ಹೆಚ್ಚುವರಿ 25 ಕ್ವಿಂಟಾಲ್. ಇಲ್ಲಿವರೆಗೆ ಉತ್ತರ ಸರಿ. ಯಾರ ಕೈಗೂ ಸೇರದೆ ಹೋಗುವ ಲಾಭ, ಗ್ರಾಫಿನಲ್ಲಿ ತ್ರಿಕೋನವಾಗಿ ಕಾಣುವ ಡೆಡ್‌ವೇಟ್ ಲಾಸ್ ಮಾತ್ರ ಎರಡಕ್ಕೂ 62.5 ಬರುತ್ತಿದೆ. ಉತ್ತರದ ಹಾಳೆಯಲ್ಲಿ 93.75 ಮತ್ತು 41.67 ಅಂತಿದೆ. ಗ್ರಾಫ್ ಸರಿಯಾಗೇ ಇದೆ. ನಾಳೆ ಸಂಜೆ ಕ್ಲಾಸ್ ಇದೆ, ಯಾರಾದರೂ ಬೇಗ ಹೇಳಿ.

ಗ್ರಾಫ್_ಹುಚ್ಚ:
ಮೇಡಂ, ಇದು ನೂರಕ್ಕೆ ನೂರು ಅಕ್ಷ ಅದಲುಬದಲಾದ ಕೇಸು. ಬೆಲೆ ಮೇಲ್ಮುಖ ಅಕ್ಷದಲ್ಲಿ ಇರಬೇಕು. ಕ್ಯಾಲ್ಕ್ ಮೊದಲ ಕಾಲಮ್ಮನ್ನು ಅಡ್ಡಕ್ಕೆ ಹಾಕುತ್ತದೆ, ಎಲ್ಲರೂ ಅಲ್ಲೇ ಬೀಳೋದು.

ಟ್ಯೂಷನ್_ಹಾಸನ:
ಅದಲುಬದಲು ಮಾಡಿ ನೋಡಿದೆ. ಚಿತ್ರ ಬದಲಾಯ್ತು, 62.5 ಹಾಗೇ ಕೂತಿದೆ.

ಗ್ರಾಫ್_ಹುಚ್ಚ:
ಹಾಗಿದ್ರೆ ಇಳಿಜಾರು ತಲೆಕೆಳಗಾಗಿರಬೇಕು. ಅಕ್ಷ ಬದಲಿಸಿದಾಗ 2 ಇದ್ದದ್ದು ಅರ್ಧ ಆಗಬೇಕಲ್ವಾ. ನಾನಂತೂ ಕ್ಯಾಲ್ಕ್ ಬಿಟ್ಟು ಎರಡು ವರ್ಷ ಆಯ್ತು. ಹತ್ತು ಇಂಚಿನ ಟ್ಯಾಬಿನಲ್ಲಿ ಜಿಯೋಜೀಬ್ರಾ, ಸ್ಲೈಡರ್ ಎಳೆದರೆ ತ್ರಿಕೋನ ತಾನೇ ಉಬ್ಬುತ್ತದೆ, ಇಳಿಯುತ್ತದೆ. ಬೇಕಾದ್ರೆ ವಿಡಿಯೋ ಹಾಕ್ತೀನಿ.

ಲೆಕ್ಕದ_ಮೇಷ್ಟ್ರು:
ವಿಡಿಯೋ ಆಮೇಲೆ ಹಾಕಿ. ಮೇಡಂ, ಸಮೀಕರಣವನ್ನೂ ಕೊಟ್ಟಿಲ್ಲ, ಲಾಸ್ ಸೆಲ್ಲಿನ ಸೂತ್ರವನ್ನೂ ಕೊಟ್ಟಿಲ್ಲ. ನಾವು ಕಣಿ ಹೇಳಬೇಕಾ?

ಟ್ಯೂಷನ್_ಹಾಸನ:
ಕ್ಷಮಿಸಿ ಸರ್, ಎಲ್ಲರೂ ಒಂದೇ ಸೂತ್ರ ಬಳಸ್ತಾರೆ ಅಂದುಕೊಂಡೆ.

```
Qd = 100 - 2P
Qs = 3P - 25
B3 = ಸೀಲಿಂಗ್ ಅಥವಾ ಫ್ಲೋರ್ ಬೆಲೆ
B5 = 25, B6 = 50   (ಸಮತೋಲನ)
B8 = Qd, B9 = Qs   (B3 ಬೆಲೆಯಲ್ಲಿ)
ಲಾಸ್: =0.5*ABS(B8-B9)*ABS(B5-B3)
```

ಮೂಡಿಗೆರೆ_ತೋಟ:
ನಡುವೆ ಬಾಯಿ ಹಾಕ್ತಾ ಇದ್ದೇನೆ ಮಾರಾಯ್ರೆ. ನಮ್ಮ ತಂದೆ ಕಾಲದಲ್ಲಿ ಕಾಫಿಯನ್ನೆಲ್ಲ ಬೋರ್ಡಿನ ಪೂಲಿಗೇ ಹಾಕಬೇಕಿತ್ತು. 1996ರಲ್ಲಿ ಪೂರ್ತಿ ಬಿಡುಗಡೆ ಆಯ್ತು. ಅದು ಸೀಲಿಂಗೋ ಫ್ಲೋರೋ? ನಮಗೆ ಎಷ್ಟು ತ್ರಿಕೋನ ಹೋಯ್ತು ಅಂತ ಯಾರಾದ್ರೂ ಲೆಕ್ಕ ಹಾಕಿದ್ದಾರಾ?

ಲೆಕ್ಕದ_ಮೇಷ್ಟ್ರು:
ತೋಟದವರೇ, ಅದು ಎರಡೂ ಅಲ್ಲ. ಎಲ್ಲರ ಕಾಫಿಯನ್ನೂ ಒಬ್ಬರೇ ತಗೊಂಡು ಮಾರುವ ಏರ್ಪಾಡು ಅದು. ಬೇರೆ ಚರ್ಚೆ ತೆರೆಯಿರಿ, ಬರ್ತೀನಿ.

ಮೇಡಂ, ನಿಮ್ಮ ಕೊರತೆಯ 25 ಇದೆಯಲ್ಲ, ಅದೇ ಕಳ್ಳ. ನೀವು ತ್ರಿಕೋನದ ಒಂದು ಬದಿಗೆ ಇಡೀ ಕೊರತೆಯನ್ನೇ ಇಟ್ಟಿದ್ದೀರಿ. ಎರಡೂ ಕಡೆ ಅಂತರ 25, ಎರಡೂ ಕಡೆ ಬೆಲೆ 5 ರೂಪಾಯಿ ಆಚೀಚೆ. ಅದಕ್ಕೇ ಎರಡೂ 62.5.

ಸೀಲಿಂಗ್ 20ರಲ್ಲಿ ಕೇಳುವವರು 60 ಕ್ವಿಂಟಾಲ್ ಕೇಳ್ತಾರೆ, ಮಾರುವವರು 35 ತರ್ತಾರೆ. ವ್ಯಾಪಾರ ಆಗೋದು 35 ಮಾತ್ರ. ಮೊದಲು 50 ಆಗ್ತಿತ್ತು. ಹಾಗಾಗಿ ತಪ್ಪಿಹೋದ ವ್ಯಾಪಾರ 15, 25 ಅಲ್ಲ. 50ರಿಂದ 60ರ ತನಕ ಇರುವ ಬೇಡಿಕೆ ಬೆಲೆ ಕಡಿಮೆ ಮಾಡಿದ್ದಕ್ಕೆ ಹುಟ್ಟಿದ್ದು. ಆ ರಾಗಿ ಬೆಳೆಯಲು ತಗಲುವ ಖರ್ಚಿನಷ್ಟು ಬೆಲೆಯನ್ನು ಯಾರೂ ಅದಕ್ಕೆ ಕಟ್ಟುತ್ತಿರಲಿಲ್ಲ. ಅದು ಸಿಗದಿದ್ದರೆ ನಷ್ಟ ಎಲ್ಲಿ?

ಈಗ ಎತ್ತರ. 35ನೇ ಕ್ವಿಂಟಾಲಿನ ಹತ್ತಿರ ನಿಂತು ಮೇಲೆ ನೋಡಿ. ಬೇಡಿಕೆ ರೇಖೆ 32.5ರಲ್ಲಿದೆ, ಪೂರೈಕೆ ರೇಖೆ 20ರಲ್ಲಿ. ಎತ್ತರ 12.5. ನೀವು 25 ರೂಪಾಯಿಗೇ ನಿಂತುಬಿಟ್ಟು ಮೇಲಿನ ಭಾಗ ಪೂರ್ತಿ ಬಿಟ್ಟಿದ್ದೀರಿ. 15 ಮತ್ತು 12.5ರ ಗುಣಲಬ್ಧದ ಅರ್ಧ, 93.75.

ಫ್ಲೋರಿನಲ್ಲಿ ಕೊಳ್ಳುವವರು ಹಿಂದೆ ಸರೀತಾರೆ. ವ್ಯಾಪಾರ 40. ತಪ್ಪಿದ್ದು 10, ಎತ್ತರ 30ರಿಂದ 21.67ರ ತನಕ. 41.67. ಎರಡಕ್ಕೂ ಒಂದೇ ಸೂತ್ರ ಸಾಕು:

```
B10: =MIN(B8;B9)
ಲಾಸ್: =0.5*(B6-B10)*((100-B10)/2-(B10+25)/3)
```

ಗ್ರಾಫ್_ಹುಚ್ಚ:
ನೋಡಿ, ಸೂತ್ರದೊಳಗೆ ರೇಖೆಯನ್ನು ತಿರುಗಿಸಿ ಬೆಲೆ ತೆಗೆದಿದ್ದೀರಿ. ನಾನು ಹೇಳಿದ್ದೂ ಅದೇ ಅಲ್ವಾ?

ಲೆಕ್ಕದ_ಮೇಷ್ಟ್ರು:
ತಿರುಗಿಸಬೇಕು ಅನ್ನೋದು ಸರಿ. ತಪ್ಪು ಅಲ್ಲಿರಲಿಲ್ಲ.

ಶೀಟ್_ಶೂರ:
ನನ್ನಲ್ಲಿ ಅರ್ಧವಿರಾಮ ಹಾಕಿದರೆ ಎರರ್ ಬರುತ್ತದೆ. ಅಲ್ಪವಿರಾಮ ಹಾಕಿ. ಇನ್ನೊಂದು, 93.75 ಅಂದರೆ ಏನು? ಬೆಲೆ ಕೆಜಿಗೆ, ರಾಶಿ ಕ್ವಿಂಟಾಲಿನಲ್ಲಿ. ನೂರರಿಂದ ಗುಣಿಸಿದರೆ 9,375 ರೂಪಾಯಿ. ಮಕ್ಕಳು ತೊಂಬತ್ಮೂರು ರೂಪಾಯಿ ಅಂತ ಬರೆದುಬಿಡ್ತಾರೆ.

ಟ್ಯೂಷನ್_ಹಾಸನ:
ನನಗೆ ಅರ್ಧವಿರಾಮವೇ ನಡೆಯಿತು. 93.75, 41.67 ಬಂದವು! ಅಂದರೆ ರಾಗಿಗೆ ಬೆಂಬಲ ಬೆಲೆ ಇಡೋದು ಸೀಲಿಂಗಿಗಿಂತ ಒಳ್ಳೇದು ಅಂತ ಮಕ್ಕಳಿಗೆ ಹೇಳಬಹುದಾ?

ಅರಸೀಕೆರೆ_ಹೊಲ:
ಮೇಡಂ, ಬೆಂಬಲ ಬೆಲೆ ಇದೆ ಅಂತ ಯಾರೂ ಅದಕ್ಕಿಂತ ಕಡಿಮೆಗೆ ಕೊಳ್ಳಬಾರದು ಅಂತೇನೂ ಇಲ್ಲ. 2024-25ಕ್ಕೆ ರಾಗಿಗೆ ಕ್ವಿಂಟಾಲಿಗೆ 4,290 ಇತ್ತು. ಖರೀದಿ ಕೇಂದ್ರಕ್ಕೆ ಹೆಸರು ನೋಂದಾಯಿಸಬೇಕು. ಕೈ ಕಟ್ಟಿದಾಗ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೇ ಅಳೆದು ಕೊಟ್ಟಿದ್ದೂ ಇದೆ. ಆ ದಿನ ನನ್ನ ಫ್ಲೋರ್ ಎಲ್ಲಿತ್ತು?

ಲೆಕ್ಕದ_ಮೇಷ್ಟ್ರು:
ಹೊಲದವರು ಹೇಳಿದ್ದೇ ಮುಖ್ಯ. 41.67 ಬರೋದು ಒಂದು ಷರತ್ತಿನ ಮೇಲೆ: ಮಾರಾಟ ಆಗದ 25 ಕ್ವಿಂಟಾಲನ್ನು ಯಾರೂ ಬೆಳೆಯಲೇ ಇಲ್ಲ ಅಂತ. ಆದರೆ ರೈತ 30 ರೂಪಾಯಿ ನಂಬಿ ಬಿತ್ತಿ ಆಗಿದೆ, 65 ಕ್ವಿಂಟಾಲ್ ಕಣದಲ್ಲಿದೆ ಅನ್ನಿ. 40ರಿಂದ 65ರ ತನಕ ಬೆಳೆದ ಖರ್ಚು ಪೂರೈಕೆ ರೇಖೆಯ ಕೆಳಗಿನ ಜಾಗ. 21.67 ಮತ್ತು 30ರ ಸರಾಸರಿಯನ್ನು 25ರಿಂದ ಗುಣಿಸಿ, ಸುಮಾರು 645.83. ಆ ರಾಗಿ ಹಾಳಾದರೆ ಒಟ್ಟು ನಷ್ಟ 687.5, ರೂಪಾಯಿಯಲ್ಲಿ 68,750. ತ್ರಿಕೋನ ಅದರ ಮೂಲೆಯಲ್ಲೊಂದು ಚೂರು ಅಷ್ಟೇ.

ಸರ್ಕಾರ ಕೊಂಡರೂ ಮೊತ್ತ ತಾಳೆ ಆಗುತ್ತದೆ. 25 ಕ್ವಿಂಟಾಲಿಗೆ 75,000 ಖರ್ಚು, ರೈತರಿಗೆ 28,750 ಲಾಭ, ಕೊಳ್ಳುವವರಿಗೆ 22,500 ನಷ್ಟ. ಕೂಡಿ ಕಳೆದರೆ ಮತ್ತೆ 68,750. ಕೊಂಡ ರಾಗಿ ಗೋದಾಮಿನಲ್ಲಿ ಹುಳ ಹಿಡಿದರೆ ಮಾತ್ರ ಇಷ್ಟು.

ಶೀಟ್_ಶೂರ:
ರೇಷನ್ನಿನಲ್ಲಿ ಹಂಚ್ತಾರಲ್ಲ. ತಿಂದವರ ಹೊಟ್ಟೆಗೆ ಬೆಲೆ ಇಲ್ವಾ?

ಲೆಕ್ಕದ_ಮೇಷ್ಟ್ರು:
ಇದೆ. ಎಷ್ಟು ಅಂತ ಈ ಎರಡು ರೇಖೆ ಹೇಳಲ್ಲ. ತಗೊಂಡವರು ಅಂಗಡಿಯಲ್ಲಿ ಅಷ್ಟು ರಾಗಿ ಕೊಳ್ಳೋದು ಬಿಟ್ಟರೆ ಬೇಡಿಕೆ ರೇಖೆಯೇ ಎಡಕ್ಕೆ ಜರುಗುತ್ತದೆ.

ಶೀಟ್_ಶೂರ:
ಬಿಡಲ್ಲ ಅಂತ ನನ್ನ ವಾದ. ನಮ್ಮ ಕಡೆ ಮುದ್ದೆ ಇದ್ದಷ್ಟೂ ಖರ್ಚು.

ಟ್ಯೂಷನ್_ಹಾಸನ:
ನೀವಿಬ್ಬರೂ ಜಗಳ ಆಡಿ, ನನಗೆ ಹೊಸ ತಲೆನೋವು ಬಂದಿದೆ. ಸುಮ್ನೆ ಸೀಲಿಂಗ್ 28 ಹಾಕಿ ನೋಡಿದೆ. ಲಾಸ್ 15 ಬರುತ್ತಿದೆ. ಪೇಟೆ ಬೆಲೆ 25 ಇರುವಾಗ 28ರ ಮೇಲೆ ಮಾರಬೇಡ ಅಂದರೆ ಯಾರಿಗೆ ಏನು ನಷ್ಟ?

ಲೆಕ್ಕದ_ಮೇಷ್ಟ್ರು:
ಯಾರಿಗೂ ಇಲ್ಲ, ಸೊನ್ನೆ ಬರಬೇಕು. ಶೀಟಿಗೆ ಅದು ಗೊತ್ತಿಲ್ಲ, 28ನ್ನೇ ಬೆಲೆ ಅಂದುಕೊಂಡು ಲೆಕ್ಕ ಹಾಕಿದೆ. Qd, Qs ತೆಗೆಯುವಾಗ B3 ಬದಲು ಸೀಲಿಂಗಿಗೆ `MIN(B3;B5)`, ಫ್ಲೋರಿಗೆ `MAX(B3;B5)` ಹಾಕಿ.

ಟ್ಯೂಷನ್_ಹಾಸನ:
ಸೊನ್ನೆ ಬಂತು. 20ಕ್ಕೆ 93.75 ಹಾಗೇ ಇದೆ. 687.5ರದ್ದು ನಾಳೆ ಮಕ್ಕಳಿಗೆ ಹೇಳಲ್ಲ, ಒಂದೇ ಗಂಟೆ ಇರೋದು.

ಗ್ರಾಫ್_ಹುಚ್ಚ:
ವಿಡಿಯೋ ಹಾಕಿದ್ದೇನೆ, ಎಲ್ಲರೂ ನೋಡಿ. ಟ್ಯಾಬಿನ ಪೆನ್ ಹೊಸದು.