ತೊಗರಿ ಹೊಲದ ಪಕ್ಕ ರೇಷ್ಮೆ: ನಾಲ್ವರ ಅನುಭವ

ಆಳಂದ ತಾಲ್ಲೂಕಿನ ರೈತ: ನಾಲ್ಕು ಎಕರೆ ಇದೆ, ಮೂರರಲ್ಲಿ ತೊಗರಿ. ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಉಳಿದ ಒಂದು ಎಕರೆಗೆ ಹಿಪ್ಪುನೇರಳೆ ಹಾಕಿ ರೇಷ್ಮೆ ಸಾಕಬೇಕೆಂದಿದ್ದೇನೆ. ಸಾಕಿದವರು ತಮ್ಮ ಅನುಭವ ಹೇಳಿ.

ಹುಮನಾಬಾದ್ ಕಡೆಯ ಸಾಕಣೆಗಾರ್ತಿ: ಅಣ್ಣ, ನಿಮಗೆ ನೀರಿನ ಚಿಂತೆ ಇಲ್ಲ. ನೀವು ಚಿಂತಿಸಬೇಕಾದದ್ದು ಆ ಮೂರು ಎಕರೆ ತೊಗರಿಯ ಬಗ್ಗೆ. ನಮ್ಮದೂ ಒಂದೇ ಎಕರೆ, ವಿ-1 ತಳಿಯ ಹಿಪ್ಪುನೇರಳೆ ತೋಟ. ಎರಡನೆಯ ವರ್ಷದ ಒಂದು ಬೆಳೆಯ ಲೆಕ್ಕ ಹೇಳುತ್ತೇನೆ. 100 ಚಿಟ್ಟೆಗಳಿಟ್ಟ ಮೊಟ್ಟೆಯ ಚಾಕಿ ಹುಳು, ಅಂದರೆ ಎಳೆಯ ಹುಳು ತಂದೆವು, 62 ಕಿಲೋ ಗೂಡು ಬಂತು, ಕಿಲೋಗೆ 480 ರೂಪಾಯಿಯಂತೆ 29,760 ರೂಪಾಯಿ. ಚಾಕಿ, ಕೂಲಿ, ಸೋಂಕುನಿವಾರಕ, ಸಾಗಣೆ ಎಲ್ಲ ಸೇರಿ 13,500 ಹೋಯಿತು. ಹುಳು ಮನೆ ಕಟ್ಟಿದ ಹಣವನ್ನೂ ನಮ್ಮಿಬ್ಬರ ದುಡಿಮೆಯನ್ನೂ ಇದರಲ್ಲಿ ಹಿಡಿದಿಲ್ಲ.

ಮುಂದಿನ ಬೆಳೆ ಅಕ್ಟೋಬರಿನಲ್ಲಿ. ಹುಳುಗಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದೆದ್ದು ಮೂರು ದಿನವಾಗಿತ್ತು. ಹುಳು ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಬೇಕಾಗುವುದು ಆ ಕೊನೆಯ ವಾರದಲ್ಲೇ. ಪೂರ್ವದ ಬದುವಿನಾಚೆ ಪಕ್ಕದವರು ತೊಗರಿಯ ಕಾಯಿಕೊರಕಕ್ಕೆ ಔಷಧಿ ಹೊಡೆದಿದ್ದರು. ಮಳೆಗಾಲ ಮುಗಿದ ಮೇಲೆ ಇಲ್ಲಿ ಮೂಡಗಾಳಿ ಬೀಸುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಅಂಚಿನ ಸಾಲಿನ ಸೊಪ್ಪನ್ನು ಬೆಳಗ್ಗೆ ಹಾಕಿದೆವು. ಸಂಜೆಯೊಳಗೆ ಹುಳುಗಳು ತಲೆ ಎತ್ತಿ ಒದ್ದಾಡಿದವು, ಬಾಯಿಂದ ಹಸಿರು ರಸ ಕಾರಿದವು, ಮೈ ಸುರುಟಿಕೊಂಡಿತು. ಆ ಸೊಪ್ಪು ತಿಂದವುಗಳಲ್ಲಿ ಅರ್ಧದಷ್ಟು ಸತ್ತವು, ಉಳಿದರ್ಧ ತೆಳು ಗೂಡು ಕಟ್ಟಿದವು.

ಶಹಾಪುರದ ಕಾಲುವೆ ಕೆಳಗಿನ ರೈತ: ಅದು ಹಾಲುತೊಂಡೆ ರೋಗ ಇರಬೇಕು ಅಕ್ಕ. ನಮ್ಮಲ್ಲೂ ಹೀಗೇ ಸತ್ತಿವೆ. ಔಷಧಿಯ ಅಂಜಿಕೆ ಇದ್ದರೆ ಸೊಪ್ಪನ್ನು ತೊಳೆದು ಹಾಕಿದರಾಯಿತು. ನೀರು ಇದ್ದವರು ತೋಟವನ್ನು ಎರಡು ಭಾಗ ಮಾಡಿ ವರ್ಷಕ್ಕೆ ಹತ್ತು ಬೆಳೆ ತೆಗೆಯಬಹುದು, ಆಗ ಒಂದೆರಡು ಕೆಟ್ಟರೂ ಚಿಂತೆಯಿಲ್ಲ.

ಹುಮನಾಬಾದ್ ಕಡೆಯ ಸಾಕಣೆಗಾರ್ತಿ: ಹಾಲುತೊಂಡೆಯಲ್ಲಿ ಹುಳುವಿನ ಮೈ ಹಳದಿಯಾಗಿ ಉಬ್ಬುತ್ತದೆ, ಕೀಲುಗಳು ಊದಿಕೊಳ್ಳುತ್ತವೆ, ಮುಟ್ಟಿದರೆ ಒಡೆದು ಹಾಲಿನಂಥ ರಸ ಬರುತ್ತದೆ. ಅದು ದಿನದಿಂದ ದಿನಕ್ಕೆ ಹರಡುತ್ತದೆ. ವಿಷವಾದರೆ ಒಂದೇ ಸೊಪ್ಪು ತಿಂದ ಹುಳುಗಳೆಲ್ಲ ಒಂದೇ ದಿನ ಕೆಡುತ್ತವೆ. ನಮ್ಮಲ್ಲಿ ಅಂಚಿನ ಸೊಪ್ಪು ಹಾಕಿದ ತಟ್ಟೆಗಳು ಮಾತ್ರ ಕೆಟ್ಟವು, ನಡುವಿನ ಸೊಪ್ಪು ತಿಂದವು ಚೆನ್ನಾಗಿದ್ದವು. ತೊಳೆದರೆ ಎಲೆಯ ಮೇಲಿನದಷ್ಟೇ ಹೋಗುತ್ತದೆ. ಎಲೆಯೊಳಗೆ ಇಳಿದ ಔಷಧಿ ಹೋಗುವುದಿಲ್ಲ, ಒದ್ದೆ ಸೊಪ್ಪಿನಿಂದ ಬೇರೆ ರೋಗ ಬರುತ್ತದೆ.

ಹತ್ತು ಬೆಳೆಯ ಮಾತು ಅರ್ಧ ಸರಿ. ಒಂದು ಕಡೆ ಕಟಾವು ಮಾಡಿದ ಮೇಲೆ ಮತ್ತೆ ಸೊಪ್ಪು ಬರಲು ಎರಡು ತಿಂಗಳು ಬೇಕು. ಇಡೀ ಎಕರೆಯಾದರೆ ಐದು ದೊಡ್ಡ ಬೆಳೆ, ಅರ್ಧರ್ಧವಾದರೆ ಹತ್ತು ಸಣ್ಣ ಬೆಳೆ. ಸೊಪ್ಪು ಹೆಚ್ಚಾಗುವುದಿಲ್ಲ. ಒಂದೇ ಹುಳು ಮನೆ ಇದ್ದರೆ ಎರಡು ಬೆಳೆಯ ನಡುವೆ ತೊಳೆದು ಸೋಂಕು ಕಳೆಯಲು ಬಿಡುವೂ ಸಿಗದು.

ಔರಾದ್ ಕಡೆಯ ಹಿರಿಯರು: ನಾನು ಹಿಪ್ಪುನೇರಳೆಯನ್ನು ಆಡುಗಳಿಗೆ ಹಾಕುತ್ತೇನೆ, ಬಹಳ ಇಷ್ಟಪಟ್ಟು ತಿನ್ನುತ್ತವೆ. ಇದರಲ್ಲೇ ಉಳಿತಾಯ ಕಾಣಿರಿ.

ಹುಮನಾಬಾದ್ ಕಡೆಯ ಸಾಕಣೆಗಾರ್ತಿ: ಕಾಕಾ, ಅವರು ಕೇಳಿದ್ದು ಹುಳುವಿನ ಸಾಕಣೆ. ಆದರೆ ನಿಮ್ಮ ಮಾತು ಉಪಯೋಗಕ್ಕೆ ಬರುತ್ತದೆ. ಹುಳು ತಿಂದುಳಿದ ಕಡ್ಡಿ ಸೊಪ್ಪನ್ನು ನಾವೂ ದನಕ್ಕೆ ಹಾಕುತ್ತೇವೆ, ರೋಗ ಬಂದ ಬೆಳೆಯದನ್ನು ಬಿಟ್ಟು.

ಈಗ ನಮ್ಮ ಪದ್ಧತಿ ಹೀಗಿದೆ. ತೊಗರಿ ಹೂವಾಡುವ ಮುಂಚೆ ಪಕ್ಕದ ಹೊಲದವರ ಮನೆಗೆ ಹೋಗಿ, ಔಷಧಿ ಹೊಡೆಯುವ ದಿನವನ್ನು ಮುಂಚೆಯೇ ತಿಳಿಸಿ ಎಂದು ಕೇಳಿಕೊಳ್ಳುತ್ತೇವೆ. ಆ ಅಂಚಿನ ಎಂಟು ಸಾಲಿನ ಸೊಪ್ಪನ್ನು ಬೆಳೆಗೆ ಹಾಕುವ ಮುಂಚೆ ಬೇರೆ ತಟ್ಟೆಯಲ್ಲಿ ಐವತ್ತು ಹುಳುಗಳಿಗೆ ಒಂದು ದಿನ ಕೊಟ್ಟು ನೋಡುತ್ತೇವೆ. ಇದೂ ಪೂರ್ತಿ ಭದ್ರವಲ್ಲ. ಸ್ವಲ್ಪವೇ ವಿಷ ಸೇರಿದ್ದರೆ ಹುಳು ಸಾಯದೆ, ಹಣ್ಣಾದ ಮೇಲೆ, ಅಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟುವ ಹೊತ್ತಿಗೆ, ಗೂಡು ಕಟ್ಟಲು ಬಿಡುವ ಚಂದ್ರಿಕೆಯ ಮೇಲೆ ಸುಮ್ಮನೆ ತಿರುಗುತ್ತದೆ. ತೊಗರಿಗೆ ಔಷಧಿ ಹೊಡೆದ ಪಂಪನ್ನೂ ಬಟ್ಟೆಯನ್ನೂ ಹುಳು ಮನೆಯ ಹತ್ತಿರ ತರುವುದಿಲ್ಲ.

ಆಳಂದ ತಾಲ್ಲೂಕಿನ ರೈತ: ನನ್ನ ತೊಗರಿಯೇ ಪೂರ್ವಕ್ಕಿದೆ, ಉಳಿದ ಎಕರೆ ಪಶ್ಚಿಮಕ್ಕೆ. ಹಾಗಾದರೆ ಹಿಪ್ಪುನೇರಳೆಯನ್ನು ಪೂರ್ವದ ತುದಿಗೆ ಒಯ್ಯಲೇ? ಬಾವಿ ಪಶ್ಚಿಮದಲ್ಲಿದೆ.

ಹುಮನಾಬಾದ್ ಕಡೆಯ ಸಾಕಣೆಗಾರ್ತಿ: ಪೈಪ್ ಎಳೆಯಬಹುದು, ಗಾಳಿಯನ್ನು ತಿರುಗಿಸಲಾಗದು. ಆದರೆ ಪೂರ್ವದ ತುದಿಯಾಚೆ ಯಾರ ತೊಗರಿ ಇದೆ ಎಂಬುದನ್ನೂ ನೋಡಿ.

ಶಹಾಪುರದ ಕಾಲುವೆ ಕೆಳಗಿನ ರೈತ: ಏಪ್ರಿಲ್, ಮೇ ಬೆಳೆಯ ಮಾತು ಯಾರೂ ಎತ್ತಲಿಲ್ಲ. ನಾನು ಒದ್ದೆ ಗೋಣಿಚೀಲ ಕಟ್ಟಿ ಸಾಕಿದ್ದೇನೆ, ಬೆಳೆ ಬಂದಿದೆ.

ಹುಮನಾಬಾದ್ ಕಡೆಯ ಸಾಕಣೆಗಾರ್ತಿ: ನಾವು ಆ ಎರಡು ತಿಂಗಳು ಸಾಕುವುದನ್ನೇ ಬಿಟ್ಟಿದ್ದೇವೆ. ಹುಳು ದೊಡ್ಡದಾದ ಮೇಲೆ 25 ಡಿಗ್ರಿ ಬೇಕು, ಇಲ್ಲಿ ಹೊರಗೆ 42. ನಿಮ್ಮ ಹುಳು ಮನೆಯ ಮಾಡು ಯಾವುದು, ಹುಳು ಹಣ್ಣಾದಾಗ ಗೋಣಿ ತೆಗೆದಿರೋ ಇಲ್ಲವೋ, ಹೇಳಿ.